ಹೋದ ವರ್ಷದ ಲಸಿಕೆ, ಈ ವರ್ಷದ ಫ್ಲೂ

ಮುಂಗಾರು ಹಿಡಿದುಕೊಂಡು ಜುಲೈ ತಿಂಗಳು ಬಂತೆಂದರೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲೂ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಯ ಸಾಲಿನಲ್ಲೂ ಜ್ವರ, ಒಣಕೆಮ್ಮು, ಮೈಕೈ ನೋವು ಎನ್ನುವವರೇ ಹೆಚ್ಚಾಗುತ್ತಾರೆ. ಅವರಲ್ಲಿ ಒಂದು ಪಾಲು ಜನರದು ಇನ್‌ಫ್ಲುಯೆಂಜಾ, ಅಂದರೆ ನಾವು ಫ್ಲೂ ಎಂದು ಕರೆಯುವ ಕಾಯಿಲೆ. ಇದಕ್ಕೆ ಲಸಿಕೆ ಇದೆ. ಆದರೆ ಅದನ್ನು ವರ್ಷ ವರ್ಷವೂ ಹಾಕಿಸಿಕೊಳ್ಳಿ ಎಂದು ವೈದ್ಯರು ಹೇಳಿದಾಗ ಹಲವರು ಒಂದು ಪ್ರಶ್ನೆ ಕೇಳುತ್ತಾರೆ: ಮಗುವಿಗೆ ದಡಾರದ ಲಸಿಕೆ ಎರಡು ಸಲ ಹಾಕಿಸಿದರೆ ಬದುಕಿಡೀ ಸಾಕಾಗುತ್ತದೆ, ಇದಕ್ಕೇಕೆ ಪ್ರತಿ ವರ್ಷ? ಪ್ರಶ್ನೆ ನ್ಯಾಯವಾದದ್ದು. ವೈರಸ್ ಬದಲಾಗುತ್ತಿರುತ್ತದೆ ಎಂಬ ಒಂದು ಮಾತಿನಲ್ಲಿ ಅದಕ್ಕೆ ಉತ್ತರ ಸಿಕ್ಕುವುದಿಲ್ಲ. ಏಕೆಂದರೆ ದಡಾರದ ವೈರಸ್ಸೂ ಬದಲಾಗುತ್ತದೆ. ಎರಡೂ ಆರ್‌ಎನ್‌ಎ ವೈರಸ್‌ಗಳು. ತಮ್ಮ ಪ್ರತಿ ತೆಗೆಯುವಾಗ ಎರಡೂ ತಪ್ಪು ಮಾಡುತ್ತವೆ. ಹಾಗಿದ್ದೂ 1960ರ ದಶಕದ ತಳಿಗಳಿಂದ ಮಾಡುವ ದಡಾರದ ಲಸಿಕೆ ಇಂದಿಗೂ ಕೆಲಸ ಮಾಡುತ್ತಿದೆ, ಫ್ಲೂ ಲಸಿಕೆ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ವೈರಸ್ಸಿನಲ್ಲಿ ಎಷ್ಟಿದೆಯೋ, ಆ ವೈರಸ್ಸನ್ನು ನೆನಪಿಟ್ಟುಕೊಳ್ಳುವ ನಮ್ಮ ರಕ್ತದಲ್ಲೂ ಅಷ್ಟೇ ಇದೆ ಎಂಬುದು ನನ್ನ ವಾದ.

ಫ್ಲೂ ವೈರಸ್ಸಿನ ಮೈಮೇಲೆ ಮುಳ್ಳುಗಳಂತೆ ಎದ್ದು ನಿಂತ ಎರಡು ಬಗೆಯ ಪ್ರೋಟೀನುಗಳಿವೆ. ಹೀಮಗ್ಲುಟಿನಿನ್ ಎಂಬುದು ನಮ್ಮ ಗಂಟಲು, ಶ್ವಾಸನಾಳಗಳ ಜೀವಕೋಶಕ್ಕೆ ಅಂಟಿಕೊಳ್ಳಲು; ನ್ಯೂರಾಮಿನಿಡೇಸ್ ಎಂಬುದು ಹೊಸದಾಗಿ ಹುಟ್ಟಿದ ವೈರಸ್‌ಗಳು ಆ ಕೋಶದಿಂದ ಬಿಡಿಸಿಕೊಂಡು ಹೋಗಲು. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳಲ್ಲಿರುವ ಎಚ್ ಮತ್ತು ಎನ್ ಇವೇ. ಒಮ್ಮೆ ಸೋಂಕು ತಗುಲಿದರೆ ಅಥವಾ ಲಸಿಕೆ ಹಾಕಿಸಿಕೊಂಡರೆ ನಮ್ಮ ದೇಹ ಹೆಚ್ಚಾಗಿ ಹೀಮಗ್ಲುಟಿನಿನ್‌ನ ತಲೆಯ ಭಾಗವನ್ನು ಗುರುತಿಟ್ಟುಕೊಂಡು ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ತಲೆಯಲ್ಲಿ ಜೀವಕೋಶಕ್ಕೆ ಅಂಟುವ ಪುಟ್ಟ ಕುಳಿಯೊಂದಿದೆ. ಅದು ಬದಲಾದರೆ ವೈರಸ್ಸಿಗೆ ಬದುಕಿಲ್ಲ. ಆದರೆ ಕುಳಿಯ ಸುತ್ತಲಿನ ದಿಣ್ಣೆಗಳು ಎಷ್ಟು ಬದಲಾದರೂ ವೈರಸ್ ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ದುರದೃಷ್ಟಕ್ಕೆ ನಮ್ಮ ಬಹುಪಾಲು ಪ್ರತಿಕಾಯಗಳು ಹಿಡಿಯುವುದು ಈ ದಿಣ್ಣೆಗಳನ್ನೇ. ದಡಾರದ ವೈರಸ್ಸಿನಲ್ಲಿ ಹಾಗಲ್ಲ. ಅದರ ಮೇಲ್ಮೈಯಲ್ಲಿ ಪ್ರತಿಕಾಯ ಹಿಡಿಯುವ ಜಾಗಕ್ಕೂ ವೈರಸ್ ಕೋಶಕ್ಕೆ ಅಂಟುವ ಜಾಗಕ್ಕೂ ಬಹಳ ಅಂತರವಿಲ್ಲ. ಅಲ್ಲಿ ಬದಲಾದರೆ ಅದು ತನ್ನ ಕೈಯನ್ನು ತಾನೇ ಕಡಿದುಕೊಂಡಂತೆ.

ಫ್ಲೂ ವೈರಸ್ಸಿನ ತಳಿಸೂತ್ರದಲ್ಲಿ ಸುಮಾರು 13,500 ಅಕ್ಷರಗಳಿವೆ. ನಕಲು ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಹೀಗಾಗಿ ಒಬ್ಬ ರೋಗಿಯ ಮೂಗಿನಲ್ಲೇ ಒಂದಕ್ಕೊಂದು ತುಸು ಭಿನ್ನವಾದ ಲೆಕ್ಕವಿಲ್ಲದಷ್ಟು ವೈರಸ್‌ಗಳು ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪಯುಕ್ತವಾಗಿ ಸಾಯುತ್ತವೆ. ಯಾವುದೋ ಒಂದರಲ್ಲಿ ಮಾತ್ರ ದಿಣ್ಣೆಯ ಮೇಲಿನ ಒಂದು ಅಮೈನೋ ಆಮ್ಲ ಬದಲಾಗಿ, ಊರಿನ ಜನರ ರಕ್ತದಲ್ಲಿರುವ ಹಳೆಯ ಪ್ರತಿಕಾಯ ಅದನ್ನು ಸರಿಯಾಗಿ ಹಿಡಿಯಲಾರದೆ ಹೋಗುತ್ತದೆ. ಉಳಿದವು ತಡೆಯಲ್ಪಟ್ಟಾಗ ಇದೊಂದು ಮುಂದಕ್ಕೆ ಹರಡುತ್ತದೆ. ಹೀಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗುವುದನ್ನು ವಿಜ್ಞಾನಿಗಳು ಆಂಟಿಜೆನಿಕ್ ಡ್ರಿಫ್ಟ್ ಎನ್ನುತ್ತಾರೆ. ಇಲ್ಲಿ ತಪ್ಪು ಮಾಡುವುದು ವೈರಸ್, ಆ ತಪ್ಪುಗಳಲ್ಲಿ ಯಾವುದು ಉಳಿಯಬೇಕೆಂದು ಆರಿಸುವುದು ನಮ್ಮೆಲ್ಲರ ಒಟ್ಟು ರೋಗನಿರೋಧಕ ನೆನಪು.

ಶಿಫ್ಟ್ ಎಂಬುದು ಬೇರೆಯೇ ಬಗೆಯ ಬದಲಾವಣೆ. ಫ್ಲೂ ವೈರಸ್ಸಿನ ಆರ್‌ಎನ್‌ಎ ಒಂದೇ ಎಳೆಯಾಗಿರದೆ ಎಂಟು ಬಿಡಿ ತುಂಡುಗಳಾಗಿದೆ. ಒಂದೇ ಜೀವಕೋಶಕ್ಕೆ, ಉದಾಹರಣೆಗೆ ಒಂದು ಹಂದಿಯ ಶ್ವಾಸನಾಳದ ಕೋಶಕ್ಕೆ, ಎರಡು ಭಿನ್ನ ಫ್ಲೂ ವೈರಸ್‌ಗಳು ಏಕಕಾಲಕ್ಕೆ ನುಗ್ಗಿದರೆ ಎರಡು ಕಟ್ಟು ಇಸ್ಪೀಟೆಲೆಗಳನ್ನು ಕಲಸಿ ಹಂಚಿದ ಹಾಗೆ ಆ ತುಂಡುಗಳು ಬೆರೆತು ಹೊಸ ವೈರಸ್ ಹೊರಬರಬಹುದು. ಅದರ ಹೀಮಗ್ಲುಟಿನಿನ್ ಮನುಷ್ಯರು ಕಂಡೇ ಇಲ್ಲದ ಬಗೆಯದಾದರೆ, ಅದು ಹರಡುವುದನ್ನು ಯಾರ ರಕ್ತದ ನೆನಪೂ ತಡೆಯಲಾರದು. 1957ರಲ್ಲಿ ಹೀಗಾಯಿತು. ಅದುವರೆಗೆ ಮನುಷ್ಯರಲ್ಲಿ ಹರಡುತ್ತಿದ್ದ ಎಚ್1ಎನ್1 ವೈರಸ್ ಹಕ್ಕಿಗಳ ವೈರಸ್ಸಿನಿಂದ ಮೂರು ತುಂಡುಗಳನ್ನು ಪಡೆದು ಎಚ್2ಎನ್2 ಆಯಿತು. ಭಾರತಕ್ಕೆ ಅದು ಆ ವರ್ಷದ ಮೇ ತಿಂಗಳಲ್ಲಿ ಸಿಂಗಪುರದಿಂದ ಮದ್ರಾಸು ಬಂದರಿಗೆ ಬಂದ ‘ರಜುಲಾ’ ಎಂಬ ಹಡಗಿನ ಪ್ರಯಾಣಿಕರೊಂದಿಗೆ ಇಳಿಯಿತು. ಕೂನೂರಿನ ಪಾಶ್ಚರ್ ಸಂಸ್ಥೆಯ ಇನ್‌ಫ್ಲುಯೆಂಜಾ ಕೇಂದ್ರದವರು ರೋಗಿಗಳಿಂದ ವೈರಸ್ಸನ್ನು ಬೇರ್ಪಡಿಸಿ ಅಭ್ಯಾಸ ಮಾಡಿದರು. ಮುಂದಿನ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳೇ ಸುಮಾರು 44 ಲಕ್ಷ. ಮದ್ರಾಸಿನಿಂದ ಜೋಲಾರಪೇಟೆ, ಬಂಗಾರಪೇಟೆ, ಕೆ.ಆರ್. ಪುರ ದಾಟಿ ದಂಡಿನ ನಿಲ್ದಾಣಕ್ಕೆ ಬರುವ ರೈಲು ಹಾದಿಯನ್ನು ನೆನೆದರೆ, ಬಂದರಿಗಿಳಿದ ಹೊಸ ವೈರಸ್ಸಿಗೂ ಹಲಸೂರಿಗೂ ನಡುವೆ ಇದ್ದದ್ದು ಒಂದು ರಾತ್ರಿಯ ಪ್ರಯಾಣ ಮಾತ್ರ.

2009ರ ಶಿಫ್ಟ್ ಇನ್ನೂ ವಿಚಿತ್ರವಾದದ್ದು. ಆಗ ಬಂದದ್ದೂ ಎಚ್1ಎನ್1, ಆಗಲೇ ಮನುಷ್ಯರಲ್ಲಿ ಇದ್ದದ್ದೂ ಎಚ್1ಎನ್1. ಹೆಸರು ಒಂದೇ ಆದರೂ ಹೊಸದರ ಹೀಮಗ್ಲುಟಿನಿನ್ ಹಂದಿಗಳಲ್ಲಿ ದಶಕಗಳ ಕಾಲ ಬೇರೆಯೇ ದಾರಿಯಲ್ಲಿ ಸಾಗಿ ಬಂದದ್ದು. ಅದರ ಎಂಟು ತುಂಡುಗಳಲ್ಲಿ ಅಮೆರಿಕದ ಹಂದಿಗಳದ್ದು, ಯುರೋಪು-ಏಷ್ಯಾದ ಹಂದಿಗಳದ್ದು, ಹಕ್ಕಿಗಳದ್ದು, ಮನುಷ್ಯರ ಎಚ್3ಎನ್2ದ್ದು, ಎಲ್ಲವೂ ಇದ್ದವು. ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಪ್ರಕರಣ ಪತ್ತೆಯಾಯಿತು. ಆಗಸ್ಟ್ ಹೊತ್ತಿಗೆ ಬೆಂಗಳೂರಿನಲ್ಲೂ ಸಾವು ಸಂಭವಿಸಿತ್ತು. ಲಸಿಕೆಗೆ ಆರಿಸಿದ ತಳಿಗೆ ಎ/ಕ್ಯಾಲಿಫೋರ್ನಿಯಾ/7/2009 ಎಂದು ಹೆಸರು. ಈ ತಳಿಯ ಮುಂದಿನ ಕತೆಯನ್ನೇ ಇಂದು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ. ಲಸಿಕೆಯನ್ನು ಯಾವಾಗ ಬದಲಿಸಬೇಕು, ಯಾವಾಗ ಬೇಡ ಎಂದು ಹೇಗೆ ತಿಳಿಯುತ್ತದೆ, ಆ ತಿಳಿವು ಎಲ್ಲಿ ಎಡವುತ್ತದೆ ಎಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಇನ್‌ಫ್ಲುಯೆಂಜಾ ಜಾಲ 1952ರಿಂದ ಕೆಲಸ ಮಾಡುತ್ತಿದೆ. ನಮ್ಮ ದೇಶದಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದರ ಭಾಗ. ಜಾಲದ ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ನಂಬಿಕೊಂಡು ಬಂದ ಪರೀಕ್ಷೆಯೊಂದಿದೆ. ಫ್ಲೂ ವೈರಸ್ಸನ್ನು ಕೋಳಿಯ ಅಥವಾ ಟರ್ಕಿ ಹಕ್ಕಿಯ ಕೆಂಪು ರಕ್ತಕಣಗಳ ಜೊತೆ ಬೆರೆಸಿದರೆ ಅದು ಆ ಕಣಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಪ್ರತಿಕಾಯವಿರುವ ರಕ್ತದ್ರವವನ್ನು ಮೊದಲೇ ಸೇರಿಸಿದ್ದರೆ ಹೆಣೆಯುವುದು ನಿಲ್ಲುತ್ತದೆ. ರಕ್ತಕಣಗಳು ಪರೀಕ್ಷಾ ತಟ್ಟೆಯ ಗುಳಿಯ ತಳದಲ್ಲಿ ಕೆಂಪು ಗುಂಡಿಯಂತೆ ಕೂಡಿಕೊಳ್ಳುತ್ತವೆ. ಆ ರಕ್ತದ್ರವವನ್ನು ಹತ್ತು ಪಾಲು, ಇಪ್ಪತ್ತು, ನಲವತ್ತು, ಎಂಬತ್ತು ಹೀಗೆ ಇಮ್ಮಡಿಯಾಗಿ ತೆಳುಗೊಳಿಸುತ್ತಾ ಹೋಗಿ, ಎಲ್ಲಿಯವರೆಗೆ ಅದು ವೈರಸ್ಸನ್ನು ತಡೆಯಬಲ್ಲದು ಎಂದು ನೋಡುತ್ತಾರೆ. ಹಳೆಯ ತಳಿಯನ್ನು 1280 ಪಾಲು ತೆಳುಗೊಳಿಸಿದಾಗಲೂ ತಡೆಯುವ ರಕ್ತದ್ರವ ಹೊಸ ತಳಿಯನ್ನು 160 ಪಾಲಿನವರೆಗೆ ಮಾತ್ರ ತಡೆದರೆ ಎಂಟು ಪಟ್ಟು ವ್ಯತ್ಯಾಸ ಬಂತು. ಆಗ ಲಸಿಕೆಯ ತಳಿಯನ್ನು ಬದಲಿಸುವ ಮಾತು ಗಂಭೀರವಾಗುತ್ತದೆ. ಈ ಪರೀಕ್ಷೆಗೆ ಬಳಸುವುದು ಸಾಮಾನ್ಯವಾಗಿ ಫೆರೆಟ್ ಎಂಬ ಪುಟ್ಟ ಪ್ರಾಣಿಯ ರಕ್ತದ್ರವ. ಫ್ಲೂ ತಗುಲಿದರೆ ಅದು ನಮ್ಮ ಹಾಗೆಯೇ ಸೀನುತ್ತದೆ, ಜ್ವರ ಬರುತ್ತದೆ. ಜೊತೆಗೆ ಪ್ರಯೋಗಾಲಯದಲ್ಲಿ ಬೆಳೆದ ಆ ಫೆರೆಟ್ ಹಿಂದೆ ಯಾವ ಫ್ಲೂವನ್ನೂ ಕಂಡಿರುವುದಿಲ್ಲ, ಆದ್ದರಿಂದ ಉತ್ತರ ಶುದ್ಧವಾಗಿರುತ್ತದೆ.

ಆ ಶುದ್ಧತೆಯೇ ಇಲ್ಲಿ ತೊಡಕಾಯಿತು. 2009ರಿಂದ ಮುಂದಿನ ಹಲವು ವರ್ಷ ಫೆರೆಟ್ ರಕ್ತದ್ರವದ ಪರೀಕ್ಷೆಯಲ್ಲಿ ಎಲ್ಲ ಎಚ್1ಎನ್1 ವೈರಸ್‌ಗಳೂ ಕ್ಯಾಲಿಫೋರ್ನಿಯಾ ತಳಿಯಂತೆಯೇ ಕಂಡವು. ಲಸಿಕೆ ಬದಲಾಗಲಿಲ್ಲ. ಆದರೆ 2013-14ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಮಧ್ಯವಯಸ್ಕರು ಎಂದಿಗಿಂತ ಹೆಚ್ಚಾಗಿ ಆಸ್ಪತ್ರೆ ಸೇರಿದರು. ಫ್ಲೂ ಸಾಮಾನ್ಯವಾಗಿ ಕಾಡುವುದು ಎಳೆ ಮಕ್ಕಳನ್ನು ಮತ್ತು ಮುದುಕರನ್ನು, ನಡುವಯಸ್ಸಿನವರನ್ನೇಕೆ ಹಿಡಿಯಿತು? ಫಿಲಡೆಲ್ಫಿಯಾದ ವಿಜ್ಞಾನಿ ಸ್ಕಾಟ್ ಹೆನ್ಸ್ಲಿ ಮತ್ತು ಸಂಗಡಿಗರು ಫೆರೆಟ್ ಬಿಟ್ಟು ಮನುಷ್ಯರ ರಕ್ತವನ್ನೇ ನೋಡಿದರು. 1977ರಲ್ಲಿ, ಇಪ್ಪತ್ತು ವರ್ಷ ಕಾಣೆಯಾಗಿದ್ದ ಹಳೆಯ ಎಚ್1ಎನ್1 ಮತ್ತೆ ಮನುಷ್ಯರಲ್ಲಿ ಕಾಣಿಸಿಕೊಂಡಿತ್ತು. ಆ ಹೊತ್ತಿನಲ್ಲಿ ಬಾಲ್ಯದಲ್ಲಿದ್ದವರ ದೇಹ ಹೀಮಗ್ಲುಟಿನಿನ್‌ನ 166ನೆಯ ಸ್ಥಾನದ ಸುತ್ತಲಿನ ದಿಣ್ಣೆಯನ್ನು ಗುರುತಿಟ್ಟುಕೊಂಡಿತು. 1980ರ ದಶಕದ ನಡುವಿನಿಂದ ಆ ಜಾಗದ ಮೇಲೆ ಸಕ್ಕರೆಯ ಸರಪಣಿಯೊಂದು ಬೆಳೆದು ಮುಚ್ಚಿದ್ದರಿಂದ ಆಮೇಲೆ ಹುಟ್ಟಿದವರಿಗೆ ಅದು ಕಾಣಲಿಲ್ಲ. 2009ರ ವೈರಸ್ಸಿನಲ್ಲಿ ಆ ಜಾಗ ಮತ್ತೆ ತೆರೆದಿತ್ತು. ನಡುವಯಸ್ಸಿನವರ ಹಳೆಯ ನೆನಪು ಕೆಲಸಕ್ಕೆ ಬಂತು, ಅವರಲ್ಲಿ ಹಲವರ ಪ್ರತಿಕಾಯಗಳು ಹೆಚ್ಚಾಗಿ ಅದೊಂದೇ ಜಾಗದ ಮೇಲೆ ನಿಂತವು. 2013ರ ಹೊತ್ತಿಗೆ ಅದೇ ಜಾಗದ ಲೈಸಿನ್ ಹೋಗಿ ಗ್ಲುಟಮಿನ್ ಬಂತು. ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದಕ್ಕೆ ಅವರಲ್ಲಿ ಹಲವರ ರಕ್ಷಣೆ ಕುಸಿಯಿತು. ಫೆರೆಟ್‌ಗೆ 1977ರ ನೆನಪಿಲ್ಲ. ಅದರ ಪ್ರತಿಕಾಯಗಳು ಬೇರೆ ಬೇರೆ ದಿಣ್ಣೆಗಳ ಮೇಲೆ ಹರಡಿಕೊಂಡಿದ್ದವು, ಹಾಗಾಗಿ ಒಂದು ಜಾಗ ಬದಲಾದದ್ದು ಅದಕ್ಕೆ ತಿಳಿಯಲೇ ಇಲ್ಲ.

ಈ ಬದಲಾವಣೆ ಹೊತ್ತ ಗುಂಪಿನ ವೈರಸ್ಸೇ 2015ರಲ್ಲಿ ಭಾರತದಲ್ಲಿ ಹರಡಿದ್ದು. ಹಿಂದಿನ ವರ್ಷ ಸಾವಿರವನ್ನೂ ಮುಟ್ಟದ ದೃಢಪಟ್ಟ ಎಚ್1ಎನ್1 ಪ್ರಕರಣಗಳು ಆ ವರ್ಷ 42 ಸಾವಿರ ದಾಟಿದವು. ಸುಮಾರು ಮೂರು ಸಾವಿರ ಜನ ಸತ್ತರು. 2016ರಲ್ಲಿ ಮತ್ತೆ ಎರಡು ಸಾವಿರದ ಒಳಗೆ ಇಳಿಯಿತು. ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದ ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕ್ಯಾಲಿಫೋರ್ನಿಯಾ ತಳಿಯನ್ನು ಕೈಬಿಟ್ಟು ಎ/ಮಿಶಿಗನ್/45/2015 ತಳಿಯನ್ನು ಆರಿಸಿದರು. ಈ ಹೊಸ ಗುಂಪಿನ ವೈರಸ್‌ಗಳಲ್ಲಿ 162ನೆಯ ಸ್ಥಾನದಲ್ಲಿ ಆದ ಬದಲಾವಣೆ ಅಲ್ಲಿಗೆ ಸಕ್ಕರೆಯ ಸರಪಣಿ ಅಂಟಲು ಜಾಗ ಮಾಡಿಕೊಟ್ಟಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಆ ಸಭೆಯ ಹೊತ್ತಿಗೂ ಫೆರೆಟ್ ಪರೀಕ್ಷೆ ಹೊಸ ವೈರಸ್ಸಿಗೂ ಕ್ಯಾಲಿಫೋರ್ನಿಯಾ ತಳಿಗೂ ಹೆಚ್ಚು ಭೇದ ತೋರಿಸುತ್ತಿರಲಿಲ್ಲ. ಲಸಿಕೆ ಹಾಕಿಸಿಕೊಂಡ ವಯಸ್ಕರ ರಕ್ತ ಹೊಸ ವೈರಸ್ಸನ್ನು ಚೆನ್ನಾಗಿ ತಡೆಯುತ್ತಿಲ್ಲ ಎಂಬ ಸಾಕ್ಷ್ಯಕ್ಕೆ ಅವರು ಬೆಲೆ ಕೊಟ್ಟರು. 2017ರಲ್ಲಿ ಭಾರತದಲ್ಲಿ 38 ಸಾವಿರಕ್ಕೂ ಹೆಚ್ಚು ಪ್ರಕರಣಗಳು, ಎರಡು ಸಾವಿರಕ್ಕೂ ಮಿಕ್ಕ ಸಾವುಗಳು ದಾಖಲಾದವು. ಪುಣೆಯವರು ಪರೀಕ್ಷಿಸಿದಾಗ ಹರಡುತ್ತಿದ್ದದ್ದು ಮಿಶಿಗನ್ ತಳಿಯನ್ನು ಹೋಲುವ ವೈರಸ್ ಎಂದು ತಿಳಿಯಿತು. ಅಂದರೆ ಆಯ್ಕೆ ಸರಿಯಾಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. 2009ರಿಂದ 2016ರವರೆಗೆ ಲಸಿಕೆಯ ಎಚ್1ಎನ್1 ತಳಿ ಬದಲಾಗಲೇ ಇಲ್ಲವಲ್ಲ, ಹಾಗಾದರೆ ಪ್ರತಿ ವರ್ಷ ಹೊಸ ಲಸಿಕೆ ಎನ್ನುವುದು ವ್ಯಾಪಾರದ ಮಾತಲ್ಲವೇ? ನಿಜ, ಪ್ರತಿ ವರ್ಷವೂ ಎಲ್ಲ ತಳಿಗಳು ಬದಲಾಗುವುದಿಲ್ಲ. ಪ್ರತಿ ವರ್ಷ ತಪ್ಪದೆ ನಡೆಯುವುದು ಪರಿಶೀಲನೆ. ಲಸಿಕೆಯಲ್ಲಿ ಎಚ್1ಎನ್1 ಜೊತೆ ಎಚ್3ಎನ್2 ಮತ್ತು ಬಿ ವಂಶದ ವೈರಸ್ಸೂ ಇರುತ್ತವೆ. ಅವುಗಳಲ್ಲಿ ಎಚ್3ಎನ್2 ಬಹಳ ವೇಗವಾಗಿ ಸರಿಯುತ್ತದೆ. 2023ರ ಮಾರ್ಚಿನಲ್ಲಿ ನಮ್ಮ ಹಾಸನ ಜಿಲ್ಲೆಯ ವೃದ್ಧರೊಬ್ಬರ ಸಾವಿಗೆ ಕಾರಣವೆಂದು ಸುದ್ದಿಯಾದದ್ದು ಈ ಬಗೆಯೇ. ಅಲ್ಲದೆ ತಳಿ ಬದಲಾಗದ ವರ್ಷದಲ್ಲೂ ನಮ್ಮ ರಕ್ತದಲ್ಲಿನ ಪ್ರತಿಕಾಯಗಳ ಮಟ್ಟ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಪರಿಶೀಲನೆಯಿಂದ ತಳಿಯನ್ನು ಕೈಬಿಡುವುದೂ ಉಂಟು. ಬಿ ವಂಶದ ಯಾಮಗಾಟ ಶಾಖೆ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲುಳಿದಾಗ ಅದರ ಸರಪಣಿಯೇ ಕಡಿದುಹೋಗಿರಬೇಕು. ಅದಕ್ಕೇ 2023ರ ಸೆಪ್ಟೆಂಬರಿನಲ್ಲಿ ತಜ್ಞರು ಅದು ಲಸಿಕೆಯಲ್ಲಿ ಇನ್ನು ಬೇಡವೆಂದರು. ಮಾರಾಟ ಹೆಚ್ಚಿಸುವುದಷ್ಟೇ ಉದ್ದೇಶವಾಗಿದ್ದರೆ ನಾಲ್ಕು ತಳಿಯ ಲಸಿಕೆಯನ್ನು ಮೂರಕ್ಕೆ ಇಳಿಸುವ ಸಲಹೆ ಬರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಭಾರವಾದದ್ದು: ಲಸಿಕೆ ಹಾಕಿಸಿಕೊಂಡೂ ಫ್ಲೂ ಬರುತ್ತದೆ. ಇದನ್ನು ಅಲ್ಲಗಳೆಯಲಾಗದು. ಹೊಂದಿಕೆ ಚೆನ್ನಾಗಿರುವ ವರ್ಷದಲ್ಲೂ ಫ್ಲೂ ಲಸಿಕೆಯ ರಕ್ಷಣೆ ಹೆಚ್ಚೆಂದರೆ ನೂರಕ್ಕೆ ನಲವತ್ತರಿಂದ ಅರವತ್ತು. 2014-15ರಲ್ಲಿ ತಳಿ ಆರಿಸಿದ ಮೇಲೆ ಎಚ್3ಎನ್2 ಬೇರೆ ದಿಕ್ಕಿಗೆ ಸರಿದು, ಅಮೆರಿಕದಲ್ಲಿ ಲಸಿಕೆಯ ಫಲ ನೂರಕ್ಕೆ ಸುಮಾರು ಹತ್ತೊಂಬತ್ತಕ್ಕೆ ಇಳಿದಿತ್ತು. ತಳಿ ಆರಿಸಿದ ದಿನದಿಂದ ಚುಚ್ಚುಮದ್ದು ಕೈಗೆ ಬರುವವರೆಗೆ ಸುಮಾರು ಆರು ತಿಂಗಳು ಬೇಕು, ಏಕೆಂದರೆ ಹೆಚ್ಚಿನ ಲಸಿಕೆಗೆ ವೈರಸ್ಸನ್ನು ಕೋಳಿಮೊಟ್ಟೆಗಳಲ್ಲಿ ಬೆಳೆಸಬೇಕು. ಮೊಟ್ಟೆಯಲ್ಲಿ ಬೆಳೆಯಲು ಒಗ್ಗಿಕೊಳ್ಳುವಾಗ ವೈರಸ್ಸಿನ ದಿಣ್ಣೆಗಳೇ ಸ್ವಲ್ಪ ಬದಲಾಗುವುದೂ ಉಂಟು, ಎಚ್3ಎನ್2ಗೆ ಇದು ಹೆಚ್ಚು. ಆದರೆ ಇದರಿಂದ ಹೊರಡುವ ತೀರ್ಮಾನ ಲಸಿಕೆ ವ್ಯರ್ಥ ಎಂಬುದಲ್ಲ. ತುಸು ತಪ್ಪಿದ ಹೊಂದಿಕೆಯೂ ಆಸ್ಪತ್ರೆ ಸೇರುವ ಸ್ಥಿತಿಯನ್ನು ಎಷ್ಟೋ ಜನರಲ್ಲಿ ತಪ್ಪಿಸುತ್ತದೆ. ಸಕ್ಕರೆ ಕಾಯಿಲೆ, ಉಬ್ಬಸ ಇರುವವರಿಗೆ, ಗರ್ಭಿಣಿಯರಿಗೆ, ಅರವತ್ತೈದು ದಾಟಿದವರಿಗೆ ಅದು ಸಣ್ಣ ಲಾಭವಲ್ಲ. ಮತ್ತೆ 2015, 2017ರ ನಮ್ಮ ಸಾವುಗಳನ್ನು ಲಸಿಕೆಯ ಸೋಲೆಂದು ಕರೆಯುವುದು ಸರಿಯಲ್ಲ. ನಮ್ಮಲ್ಲಿ ಅದನ್ನು ಹಾಕಿಸಿಕೊಂಡವರೇ ಬಹಳ ಕಡಿಮೆ.

ಬೆಂಗಳೂರಿನವರಿಗೆ ಎದುರಾಗುವ ಒಂದು ಪ್ರಶ್ನೆ ಉಳಿದಿದೆ: ಯಾವ ಲಸಿಕೆಯನ್ನು, ಯಾವಾಗ ಹಾಕಿಸಿಕೊಳ್ಳಬೇಕು? ತಜ್ಞರು ವರ್ಷಕ್ಕೆ ಎರಡು ಸಲ ತಳಿ ಆರಿಸುತ್ತಾರೆ: ಫೆಬ್ರವರಿಯಲ್ಲಿ ಉತ್ತರ ಗೋಲಾರ್ಧದ ಚಳಿಗಾಲಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಲಾರ್ಧದ ಚಳಿಗಾಲಕ್ಕೆ. ಭೂಪಟದಲ್ಲಿ ನಾವು ಉತ್ತರದವರು. ಆದರೆ ನಮ್ಮ ಫ್ಲೂ ಚಳಿಗಿಂತ ಮಳೆಯನ್ನೇ ಹೆಚ್ಚು ಹಿಂಬಾಲಿಸುತ್ತದೆ. ದೇಶದ ಹಲವು ನಗರಗಳ ಕಣ್ಗಾವಲಿನ ಲೆಕ್ಕವನ್ನು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ರೀನಗರದಲ್ಲಿ ಫ್ಲೂ ಜನವರಿಯಿಂದ ಮಾರ್ಚ್‌ವರೆಗೆ ಏರಿದರೆ, ಪುಣೆ, ದೆಹಲಿಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಚೆನ್ನೈ, ವೆಲ್ಲೂರುಗಳಲ್ಲಿ ಹಿಂಗಾರಿನ ಅಕ್ಟೋಬರ್-ನವೆಂಬರ್‌ನಲ್ಲಿ ಏರಿತ್ತು. ಬೆಂಗಳೂರಿಗೆ ಮುಂಗಾರೂ ಉಂಟು, ಹಿಂಗಾರೂ ಉಂಟು. ಇಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. 2015ರ ಅಲೆಯಾದರೋ ವರ್ಷಾರಂಭದಲ್ಲೇ ಎದ್ದಿತ್ತು. ಇಷ್ಟು ಅನಿಶ್ಚಿತತೆಯ ನಡುವೆಯೂ ಒಂದು ಲೆಕ್ಕ ನಿಲ್ಲುತ್ತದೆ. ಚುಚ್ಚಿಸಿಕೊಂಡ ಎರಡು ವಾರದ ಮೇಲೆ ರಕ್ಷಣೆ ಬರುತ್ತದೆ, ಕೆಲವು ತಿಂಗಳಲ್ಲಿ ಸವೆಯುತ್ತದೆ. ಆದ್ದರಿಂದ ಮಳೆಗಾಲದ ಏರಿಕೆಗೆ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು. ಆ ಹೊತ್ತಿಗೆ ಹೊಸದಾಗಿ ಸಿಕ್ಕುವುದು ಹಿಂದಿನ ಸೆಪ್ಟೆಂಬರಿನಲ್ಲಿ ಆರಿಸಿದ ದಕ್ಷಿಣ ಗೋಲಾರ್ಧದ ಲಸಿಕೆ. ನಮಗೆ ಅದೇ ಹೆಚ್ಚು ಹೊಂದುತ್ತದೆ. ಉತ್ತರದವರಿಗೆಂದು ತಯಾರಾಗಿ ಅಂಗಡಿಯಲ್ಲಿ ಉಳಿದದ್ದನ್ನು ಜೂನ್‌ನಲ್ಲಿ ಚುಚ್ಚಿಸಿಕೊಂಡರೆ ಹದಿನಾರು ತಿಂಗಳು ಹಿಂದೆ ಆರಿಸಿದ ತಳಿ ಸಿಕ್ಕೀತು.

ಡ್ರಿಫ್ಟನ್ನು ಹೀಗೆ ಹಿಂಬಾಲಿಸಬಹುದು. ಶಿಫ್ಟ್ ಆದರೆ ಈ ಯಾವ ಲಸಿಕೆಯೂ ನೆರವಾಗದು; ಆಗ ಹೊಸದನ್ನೇ ಮಾಡಬೇಕು. ಅದಕ್ಕೇ ಹಕ್ಕಿಗಳ ಮೇಲೂ ಕಣ್ಣಿಡುತ್ತಾರೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯ ಟರ್ಕಿ ಹಕ್ಕಿಗಳಲ್ಲಿ ಎಚ್5ಎನ್1 ಪತ್ತೆಯಾದಾಗ ಅಲ್ಲಿನ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಆ ವೈರಸ್ ಇದುವರೆಗೆ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವುದನ್ನು ಕಲಿತಿಲ್ಲ. ಆದರೆ ಅದರ ಸೋಂಕೂ ಮನುಷ್ಯರ ಫ್ಲೂ ಸೋಂಕೂ ಒಂದೇ ದೇಹದಲ್ಲಿ ಕೂಡಿದರೆ ತುಂಡುಗಳು ಬೆರೆಯಲು ಅವಕಾಶವಾಗುತ್ತದೆ. ಈ ದೃಷ್ಟಿಯಿಂದ ಶಿವಾಜಿನಗರದ ಮಾರುಕಟ್ಟೆಗಳಲ್ಲಿ ದಿನವಿಡೀ ಜೀವಂತ ಕೋಳಿಗಳ ನಡುವೆ ದುಡಿಯುವವರಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸುವುದು ಅವರ ಆರೋಗ್ಯಕ್ಕಷ್ಟೇ ಅಲ್ಲ, ಊರಿಗೂ ಒಳ್ಳೆಯದು. ಅದು ಹಕ್ಕಿಜ್ವರವನ್ನು ತಡೆಯುವುದಿಲ್ಲ, ಎರಡು ವೈರಸ್‌ಗಳು ಒಂದೆಡೆ ಸೇರುವ ಸಂಭವವನ್ನು ಕಡಿಮೆ ಮಾಡುತ್ತದೆ.

ಹೀಮಗ್ಲುಟಿನಿನ್‌ನ ತಲೆಯನ್ನು ಬಿಟ್ಟು, ಹೆಚ್ಚು ಬದಲಾಗದ ಅದರ ಕಾಂಡವನ್ನು ಗುರಿಯಾಗಿಟ್ಟುಕೊಂಡು ಎಲ್ಲ ಫ್ಲೂಗಳಿಗೂ ಒಂದೇ ಲಸಿಕೆ ಮಾಡುವ ಪ್ರಯತ್ನಗಳು ನಡೆದಿವೆ. ದೇಹ ತಲೆಯನ್ನೇ ಮೊದಲು ಗುರುತಿಸುವುದರಿಂದ ಕಾಂಡದ ಕಡೆ ಅದರ ಗಮನ ಸೆಳೆಯುವುದು ಕಷ್ಟದ ಕೆಲಸ. ಅದು ಕೈಗೂಡುವವರೆಗೆ ಲಸಿಕೆ ಹಾಕಿಸಿಕೊಳ್ಳಲು ಹೋದಾಗ ಬಾಟಲಿಯ ಮೇಲಿನ ಚೀಟಿಯನ್ನು ಓದಿ. ಅಲ್ಲಿ ತಳಿಗಳ ಹೆಸರುಗಳಿರುತ್ತವೆ: ಮೊದಲು ಎ ಅಥವಾ ಬಿ, ಆಮೇಲೆ ಅದು ಸಿಕ್ಕ ಊರು ಅಥವಾ ಸೀಮೆ, ಪ್ರಯೋಗಾಲಯದ ಸಂಖ್ಯೆ, ಕೊನೆಗೆ ಸಿಕ್ಕ ವರ್ಷ. ಆ ವರ್ಷ ಹಳೆಯದಾಗಿದ್ದ ಮಾತ್ರಕ್ಕೆ ಲಸಿಕೆ ಹಳೆಯದಲ್ಲ. ನೋಡಬೇಕಾದದ್ದು ಯಾವ ಗೋಲಾರ್ಧದ, ಯಾವ ಸಾಲಿನ ಲಸಿಕೆ ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನು. ಅದು ಹೋದ ವರ್ಷದ್ದಾಗಿದ್ದರೆ, ಈ ವರ್ಷದ್ದು ಯಾವಾಗ ಬರುತ್ತದೆ ಎಂದು ಕೇಳಿ ತಿಳಿದುಕೊಳ್ಳಿ.